ಶುಕ್ರವಾರ ಸಂಜೆ ಆರಕ್ಕೆ ಝಡ್ ಡ್ರೈವ್ ಬಂದ್

ಕಚೇರಿಯ ವಾಟ್ಸಾಪ್ ಗುಂಪಿಗೆ ಬೆಳ್ಳಂಬೆಳಿಗ್ಗೆ ಒಂದು ಸಂದೇಶ ಬೀಳುತ್ತದೆ: "ಎಲ್ಲ ಸಿಬ್ಬಂದಿಯ ಗಮನಕ್ಕೆ. ಇನ್ನು ಮುಂದೆ ಕಾಮನ್ ಫೋಲ್ಡರಿನಲ್ಲಿ ಹೊಸ ಪದ್ಧತಿಯಂತೆಯೇ ಹೆಸರಿಡತಕ್ಕದ್ದು. ಹಳೆಯ ಫೋಲ್ಡರುಗಳನ್ನು ಶೀಘ್ರದಲ್ಲೇ ಬದಲಾಯಿಸಲಾಗುವುದು. ಸಹಕರಿಸಿ." ಅದರ ಕೆಳಗೆ ಸಾಲುಸಾಲಾಗಿ ಹೆಬ್ಬೆರಳು. ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಅದೇ ಕಾಮನ್ ಫೋಲ್ಡರಿನಲ್ಲಿ `New Folder (4)` ಹುಟ್ಟಿರುತ್ತದೆ.

ಹುಟ್ಟಿಸಿದವರನ್ನು ಬೈದು ಪ್ರಯೋಜನವಿಲ್ಲ. ಹೊಸ ಪದ್ಧತಿ ಎಂದರೆ ಯಾವುದು, ಶೀಘ್ರ ಎಂದರೆ ಎಂದು, ಈಗ ಅರ್ಧ ಮಾಡಿಟ್ಟಿರುವ ಕೆಲಸವನ್ನು ಎಲ್ಲಿಡಬೇಕು ಎಂಬ ಮೂರು ಪ್ರಶ್ನೆಗೂ ಆ ಸಂದೇಶದಲ್ಲಿ ಉತ್ತರವಿಲ್ಲ. ಫೋಲ್ಡರಿಗೆ ಹೆಸರಿಡುವುದು ಹುಡುಗಾಟದ ವಿಷಯದಂತೆ ಕಾಣುತ್ತದೆ. ಆದರೆ ಹತ್ತು ಹದಿನೈದು ಜನ ಒಂದೇ ಸರ್ವರ್ ಬಳಸುವ ಕಡೆ, ಬದಲಾವಣೆಯ ಸೂಚನೆ ಸರಿಯಾಗಿ ಬರೆಯದಿದ್ದರೆ ಆಗುವ ನಷ್ಟ ಹುಡುಗಾಟದ್ದಲ್ಲ. ಒಂದು ಉದಾಹರಣೆ ಹಿಡಿದು ನೋಡೋಣ.

ದಾವಣಗೆರೆಯಂಥ ಊರಿನಲ್ಲಿ ತೆರಿಗೆ ಮತ್ತು ಲೆಕ್ಕಪತ್ರದ ಕೆಲಸ ಮಾಡುವ ಒಂದು ಕಚೇರಿ ಎಂದುಕೊಳ್ಳಿ. ಒಬ್ಬರು ಆಡಿಟರ್, ಹನ್ನೆರಡು ಮಂದಿ ಸಿಬ್ಬಂದಿ, ಮೂಲೆಯಲ್ಲಿ ಒಂದು ಸರ್ವರ್. ಎಲ್ಲರ ಕಂಪ್ಯೂಟರಿನಲ್ಲೂ ಅದು `Z:` ಎಂಬ ಡ್ರೈವ್ ಆಗಿ ಕಾಣುತ್ತದೆ. ಒಳಗೆ ಹೋದರೆ `GST new`, `GST new latest`, `Audit sir`, `Bank stmt pending`. ಮಂಜುನಾಥ ಎಂಬ ಅಡಿಕೆ ವ್ಯಾಪಾರಿಯ ಕಾಗದಪತ್ರ ಮೂರು ಕಡೆ ಇವೆ: `Manjunath`, `Manjunatha`, `Manjunatha arecanut`. ಮೂರನ್ನೂ ಮಾಡಿದವರು ಬೇರೆಬೇರೆ. ಮೊದಲಿನದನ್ನು ಮಾಡಿದವರು ಕೆಲಸ ಬಿಟ್ಟು ಹೋಗಿಯೂ ಆಗಿದೆ.

ಹೀಗೆ ಚದುರುವುದನ್ನು ತಡೆಯಲು ಇರುವ ಉಪಾಯ ಹಳೆಯದೇ. ನಮ್ಮ ವಿಧಾನಸೌಧದ ಕಡತಗಳಿಗೆ ಇಲಾಖೆಯ ಸಂಕ್ಷಿಪ್ತಾಕ್ಷರ, ಕ್ರಮಸಂಖ್ಯೆ, ಶಾಖೆಯ ಸಂಕ್ಷಿಪ್ತಾಕ್ಷರ, ಇಸವಿ ಎಂಬ ಅನುಕ್ರಮ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿ ಯಾರ ಹೆಸರೂ ಬರುವುದಿಲ್ಲ, ವಿಷಯದ ವರ್ಣನೆಯೂ ಬರುವುದಿಲ್ಲ. ಗುಮಾಸ್ತರು ಬದಲಾದರೂ ಕಡತ ಸಿಗುತ್ತದೆ. ನಮ್ಮ ಕಚೇರಿಯೂ ಅದೇ ಜಾಡು ಹಿಡಿದು ಪ್ರತಿ ಪಾರ್ಟಿಗೆ ಒಂದು ಸಂಖ್ಯೆ ಕೊಡುತ್ತದೆ. ಮಂಜುನಾಥರು `P042`. ಮೊದಲ ಸೊನ್ನೆಯನ್ನು ಬಿಡಬಾರದು, ಬಿಟ್ಟರೆ ಕೆಲವು ತಂತ್ರಾಂಶಗಳಲ್ಲಿ ನೂರನೆಯ ಪಾರ್ಟಿ ಎರಡನೆಯದಕ್ಕಿಂತ ಮುಂದೆ ಬಂದು ಕೂರುತ್ತದೆ. ಸಂಖ್ಯೆಯ ಬದಲು ಪ್ಯಾನ್ ನಂಬರನ್ನೇ ಹಾಕಿದರಾಯಿತಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಫೋಲ್ಡರಿನ ಹೆಸರು ಪರದೆಯ ಮೇಲೆ, ಸ್ಕ್ರೀನ್‌ಶಾಟಿನಲ್ಲಿ, ಇಮೇಲಿನ ಲಗತ್ತಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಹೀಗಾಗಿ ದಾರಿ ಇಷ್ಟು:

```
Z:\Party\P042_Manjunatha\FY2025-26\GST\
P042_2026-01_GSTR3B_v2.xlsx
```

ಮೊದಲ ಸಾಲು ಫೋಲ್ಡರ್, ಎರಡನೆಯದು ಅದರೊಳಗಿನ ಕಡತ. ಪಾರ್ಟಿ, ತಿಂಗಳು, ಕೆಲಸ, ಎಷ್ಟನೆಯ ಪ್ರತಿ, ಇಷ್ಟೇ ನಾಲ್ಕು ತುಂಡು. ಐದನೆಯದನ್ನು ಸೇರಿಸುವ ಆಸೆ ಆಡಿಟರಿಗೆ ಬರುವುದು ಖಂಡಿತ. ಮಾಡಿದವರ ಇನಿಷಿಯಲ್ ಇರಲಿ, ಪರಿಶೀಲಿಸಿದವರದ್ದೂ ಇರಲಿ ಎನ್ನುತ್ತಾರೆ. ನನ್ನ ಕೇಳಿದರೆ ನಾಲ್ಕಕ್ಕಿಂತ ಹೆಚ್ಚು ತುಂಡಿರುವ ಹೆಸರನ್ನು ಸಂಜೆ ಏಳೂವರೆಗೆ ಬಸ್ಸು ಹಿಡಿಯಲು ಹೊರಟವರು ಯಾರೂ ಪೂರ್ತಿ ಟೈಪು ಮಾಡುವುದಿಲ್ಲ. ಅರ್ಧಂಬರ್ಧ ಪಾಲಿಸುವ ದೊಡ್ಡ ನಿಯಮಕ್ಕಿಂತ ಎಲ್ಲರೂ ಪಾಲಿಸುವ ಚಿಕ್ಕದೇ ವಾಸಿ.

ಈಗ ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಎಡವುವ ಜಾಗಕ್ಕೆ ಬರೋಣ. ಅದು ಇಸವಿ.

ನಮ್ಮ ಹಣಕಾಸು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಆದಾಯ ತೆರಿಗೆಯಲ್ಲಿ 1961ರ ಕಾಯ್ದೆಯ ಪ್ರಕಾರ ಆ ವರ್ಷದ ಆದಾಯವನ್ನು ಮುಂದಿನ ವರ್ಷ ಲೆಕ್ಕ ಹಾಕುತ್ತಿದ್ದರು. ಆ ಮುಂದಿನ ವರ್ಷವೇ ಅಸೆಸ್‌ಮೆಂಟ್ ವರ್ಷ. 2025-26ರಲ್ಲಿ ದುಡಿದದ್ದಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಹೀಗಾಗಿ ಸರ್ವರಿನಲ್ಲಿ ಬರೀ `2025-26` ಎಂಬ ಫೋಲ್ಡರ್ ಕಂಡರೆ, ಜಿಎಸ್‌ಟಿ ನೋಡುವ ಹುಡುಗಿ ಅದನ್ನು ಆ ವರ್ಷದ ವ್ಯಾಪಾರ ಎಂದು ಓದುತ್ತಾಳೆ, ಆದಾಯ ತೆರಿಗೆ ನೋಡುವವರು ಅದರ ಹಿಂದಿನ ವರ್ಷದ ಆದಾಯ ಎಂದು ಓದುತ್ತಾರೆ. ಇಬ್ಬರೂ ಸರಿಯೇ. ಅದರೊಳಗೆ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟುಗಳು ಬೆರೆತು ಕೂತಿರುತ್ತವೆ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಈ ಇಬ್ಬಗೆಯನ್ನು ತೆಗೆದು, ತೆರಿಗೆ ವರ್ಷ ಎಂಬ ಒಂದೇ ಲೆಕ್ಕಕ್ಕೆ ತರುತ್ತದೆ. ದುಡಿದ ವರ್ಷವೇ ತೆರಿಗೆ ವರ್ಷ. ಕೇಳಲು ಸಲೀಸು. ಆದರೆ ಫೋಲ್ಡರಿಗೆ ಇದು ತಂದಿಡುವ ಫಜೀತಿ ನೋಡಿ: ಹಳೆಯ ಕಾಯ್ದೆಯ ಅಸೆಸ್‌ಮೆಂಟ್ ವರ್ಷ 2026-27 ಎಂದರೆ 2025-26ರ ಆದಾಯ. ಹೊಸ ಕಾಯ್ದೆಯ ತೆರಿಗೆ ವರ್ಷ 2026-27 ಎಂದರೆ 2026-27ರದ್ದೇ ಆದಾಯ. ಅಂಕಿಗಳು ಅವೇ, ಆದಾಯ ಬೇರೆ. `2026-27` ಎಂದಷ್ಟೇ ಬರೆದ ಫೋಲ್ಡರ್ ಎರಡರಲ್ಲಿ ಯಾವುದು ಎಂದು ಹೊರಗಿನಿಂದ ಹೇಳಲು ಸಾಧ್ಯವೇ ಇಲ್ಲ. ಆದ್ದರಿಂದ ನಮ್ಮ ಕಚೇರಿಯ ನಿಯಮ ಹೀಗೆ: ಎಲ್ಲ ಫೋಲ್ಡರಿಗೂ ದುಡಿದ ವರ್ಷವೇ, ಅದರ ಮುಂದೆ `FY` ಇದ್ದೇ ತೀರಬೇಕು. ಅಸೆಸ್‌ಮೆಂಟ್ ವರ್ಷ ಫೋಲ್ಡರಿನ ಹೆಸರಿನಲ್ಲಿ ಎಲ್ಲಿಯೂ ಬರಕೂಡದು. ಈ ಒಂದು ಸಾಲು ಸೂಚನೆಯಲ್ಲಿ ಇಲ್ಲದೆ ಹೋದರೆ ಉಳಿದ ನಿಯಮಗಳೆಲ್ಲ ಇದ್ದೂ ವ್ಯರ್ಥ.

ತಿಂಗಳಿನದ್ದೂ ಇಂಥದ್ದೇ ಗೋಜಲು, ಸಣ್ಣದು. ಜನವರಿಯ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನ ಫೆಬ್ರವರಿ 20. ಕಡತದ ಹೆಸರಿನಲ್ಲಿ ಬರಬೇಕಾದದ್ದು ಜನವರಿಯೋ ಫೆಬ್ರವರಿಯೋ? ವ್ಯಾಪಾರ ನಡೆದ ತಿಂಗಳು, ಅಂದರೆ `2026-01`. ಇಸವಿ ಮೊದಲು ಬರೆಯಲು ಕಾರಣವಿದೆ. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಜೋಡಿಸುತ್ತದೆ. ದಿನಾಂಕ ಮೊದಲು ಬರೆದರೆ ಹನ್ನೆರಡೂ ತಿಂಗಳಿನ ಒಂದನೇ ತಾರೀಖುಗಳು ಒಟ್ಟಿಗೆ ಬಂದು ಕೂರುತ್ತವೆ. ಇಸವಿ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಕಡತಗಳು ತಾವಾಗಿಯೇ ಕಾಲಕ್ರಮಕ್ಕೆ ಬರುತ್ತವೆ. 1988ರಲ್ಲಿ ಮೊದಲು ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಹೇಳುವ ಅನುಕ್ರಮವೂ ಇದೇ. ನಾವು ಕೈಯಲ್ಲಿ ಬರೆಯುವ ಓರೆಗೆರೆಯ ದಿನಾಂಕವನ್ನಂತೂ ವಿಂಡೋಸ್ ಒಪ್ಪುವುದೇ ಇಲ್ಲ. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ವಿವರಣ ಚಿಹ್ನೆ ಇವನ್ನೆಲ್ಲ ಹೆಸರಿನಲ್ಲಿ ಹಾಕಲು ಹೋದರೆ ಅದು ಅಲ್ಲಿಯೇ ತಡೆಯುತ್ತದೆ.

`final` ಎಂಬ ಪದಕ್ಕೆ ಹೊಸ ಪದ್ಧತಿಯಲ್ಲಿ ಜಾಗವಿಲ್ಲ. ತಿದ್ದುವಾಗ `v1`, `v2`, `v3`. ಇಲಾಖೆಗೆ ಸಲ್ಲಿಸಿದ ಪ್ರತಿಗೆ ಮಾತ್ರ `SUB`. ಒಂದು ತಿಂಗಳಿಗೆ, ಒಂದು ರಿಟರ್ನಿಗೆ, `SUB` ಇರುವ ಕಡತ ಒಂದೇ ಇರಬೇಕು.

ಹೆಸರು ಕನ್ನಡದಲ್ಲಿಯೇ ಯಾಕಿರಬಾರದು ಎಂಬ ಪ್ರಶ್ನೆ ನ್ಯಾಯವಾದದ್ದು. ಇರಬಹುದು, ಯೂನಿಕೋಡಿನಲ್ಲಿ ಟೈಪು ಮಾಡಿದರೆ ವಿಂಡೋಸ್ ಚೆನ್ನಾಗಿಯೇ ತೋರಿಸುತ್ತದೆ. ತೊಂದರೆ ಹಳೆಯ ನುಡಿ ಕೀಲಿಯಲ್ಲಿ ಇಟ್ಟ ಹೆಸರುಗಳದ್ದು. ಆ ಪದ್ಧತಿಯಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ರೋಮನ್ ಸಂಕೇತಗಳನ್ನು, ಕನ್ನಡದ ರೂಪ ಕೊಡುವುದು ನುಡಿ ಫಾಂಟು. ವರ್ಡ್‌ನಲ್ಲಿ ಫಾಂಟು ಆರಿಸಬಹುದು, ಕಡತದ ಹೆಸರಿಗೆ ಆ ಸೌಲಭ್ಯವಿಲ್ಲ. ಹಾಗಾಗಿ "ಕನ್ನಡ" ಎಂದು ಹೊಡೆದದ್ದು ಫೋಲ್ಡರಿನ ಪಟ್ಟಿಯಲ್ಲಿ `PÀ£ÀßqÀ` ಎಂದು ಕಾಣುತ್ತದೆ. ಇಂಥ ಹೆಸರುಗಳನ್ನು ಸ್ಥಳಾಂತರಕ್ಕೆ ಮೊದಲೇ ಕೈಯಾರೆ ಬದಲಿಸಬೇಕು. ಇನ್ನೊಂದು ತೊಡಕೂ ಇದೆ: ಚಿಕ್ಕ ಕಚೇರಿಗಳಲ್ಲಿ ಸರ್ವರ್ ಬದಲು ಇಡುವ ಶೇಖರಣಾ ಪೆಟ್ಟಿಗೆಗಳು ಹೆಚ್ಚಾಗಿ ಲಿನಕ್ಸ್ ಮೇಲೆ ನಡೆಯುತ್ತವೆ. ಅಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟಿನ ಮಿತಿ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ಕಾಗುಣಿತ, ಒತ್ತು ಎಲ್ಲ ಬೇರೆಬೇರೆ ಸಂಕೇತಗಳಾದ್ದರಿಂದ ಉದ್ದನೆಯ ಕನ್ನಡ ಹೆಸರು ಬೇಗ ಮಿತಿ ಮುಟ್ಟುತ್ತದೆ.

ಇನ್ನು ದಿನಾಂಕ. ಹೊಸ ಪದ್ಧತಿ ಎಂದಿನಿಂದ ಎಂದರೆ ಹತ್ತರಲ್ಲಿ ಒಂಬತ್ತು ಮಂದಿ ಏಪ್ರಿಲ್ 1 ಎನ್ನುತ್ತಾರೆ. ಹೊಸ ವರ್ಷ, ಹೊಸ ಫೋಲ್ಡರ್. ಇದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಾರ್ಚ್ ಕೊನೆಯ ವಾರದಲ್ಲಿ ಎಲ್ಲರ ಪರದೆಯಲ್ಲೂ ಐದಾರು ಕಡತ ತೆರೆದಿರುತ್ತವೆ, ಮುಗಿಯದ ಕೆಲಸ ಮುಂದಿನ ವರ್ಷಕ್ಕೆ ದಾಟುತ್ತಿರುತ್ತದೆ, ಪಾರ್ಟಿಗಳ ಫೋನು ನಿಲ್ಲುವುದಿಲ್ಲ.

ತಿಂಗಳ ಕ್ಯಾಲೆಂಡರ್ ಮುಂದಿಟ್ಟುಕೊಂಡು ಯಾವ ದಿನ ಬೇಡ ಎಂದು ಹೊಡೆದುಹಾಕುತ್ತ ಬರುವುದು ಸುಲಭ. 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಉಳಿಯುವುದು 20ರ ನಂತರದ ಬಿಡುವು. ಅದರಲ್ಲಿ ನಾಲ್ಕನೇ ಶನಿವಾರ ಬ್ಯಾಂಕಿಗೂ ಸರ್ಕಾರಿ ಕಚೇರಿಗೂ ರಜೆ, ಪಾರ್ಟಿಗಳ ಒತ್ತಡ ಕಡಿಮೆ. 2026ರ ಫೆಬ್ರವರಿಯಲ್ಲಿ ಆ ಶನಿವಾರ 28ನೇ ತಾರೀಖು. ಹಾಗಾಗಿ 27ರ ಶುಕ್ರವಾರ ಸಂಜೆ ಆರಕ್ಕೆ ಹಳೆಯದು ಬಂದ್, ಶನಿವಾರ ಭಾನುವಾರ ಸ್ಥಳಾಂತರ, ಮಾರ್ಚ್ 2ರ ಸೋಮವಾರದಿಂದ ಹೊಸದು. ಮಾರ್ಚಿನ ಗದ್ದಲಕ್ಕೆ ಮುಂಚೆ ಎಲ್ಲರ ಕೈಗೂ ಒಂದಿಷ್ಟು ರೂಢಿ ಬಂದಿರುತ್ತದೆ.

ಬಂದ್ ಎಂಬ ಪದವನ್ನು ಸೂಚನೆಯಲ್ಲಿ ಬಿಡಿಸಿ ಹೇಳಬೇಕು. "ಆರರ ನಂತರ ಬಳಸಬೇಡಿ" ಎಂದರೆ ಯಾರಾದರೂ ಬಳಸಿಯೇ ಬಳಸುತ್ತಾರೆ. ಆರಕ್ಕೆ ಸರಿಯಾಗಿ ಹಳೆಯ ಫೋಲ್ಡರನ್ನು ಓದಲು ಮಾತ್ರ ಬರುವಂತೆ ಮಾಡಿಬಿಡಬೇಕು. ತೆರೆದು ನೋಡಬಹುದು, ಉಳಿಸಲು ಆಗುವುದಿಲ್ಲ. ಇದನ್ನು ಮಾಡದ ಕಡೆ ಏನಾಗುತ್ತದೆಂದರೆ, ಶನಿವಾರ ಬೆಳಿಗ್ಗೆ ನಕಲು ಮುಗಿದ ಮೇಲೆ ಯಾರೋ ಮನೆಯಿಂದ ಹಳೆಯ ಕಡತಕ್ಕೆ ಎರಡು ಸಾಲು ಸೇರಿಸುತ್ತಾರೆ. ಸೋಮವಾರ ಹೊಸ ಜಾಗದಲ್ಲಿ ಆ ಎರಡು ಸಾಲು ಇಲ್ಲ. ಅದು ಗೊತ್ತಾಗುವುದು ಮುಂದಿನ 20ನೇ ತಾರೀಖಿಗೆ.

ತೆರೆದೇ ಬಿಟ್ಟ ಕಡತಗಳದ್ದು ಇನ್ನೊಂದು ತಲೆನೋವು. ಯಾರಾದರೂ ಎಕ್ಸೆಲ್ ಕಡತ ತೆರೆದಿಟ್ಟು ಮನೆಗೆ ಹೋದರೆ ಅದನ್ನು ಸರಿಸಲು, ಹೆಸರು ಬದಲಿಸಲು ಸರ್ವರ್ ಒಪ್ಪುವುದಿಲ್ಲ. ಅಂಥ ಕಡತದ ಪಕ್ಕದಲ್ಲಿ `~$` ಎಂದು ಶುರುವಾಗುವ ಮರೆಯಾದ ಪುಟ್ಟ ಕಡತವೊಂದು ಇರುತ್ತದೆ. ಅದು ಕಂಡರೆ ಮೂಲ ಕಡತ ಯಾರದೋ ಪರದೆಯಲ್ಲಿ ತೆರೆದಿದೆ, ಇಲ್ಲವೇ ಕರೆಂಟು ಹೋಗಿ ಅರ್ಧಕ್ಕೆ ನಿಂತಿದೆ ಎಂದರ್ಥ. ಆದ್ದರಿಂದ ಕಂಪ್ಯೂಟರ್ ಲಾಕ್ ಮಾಡಿದರೆ ಸಾಲದು, ಶಟ್‌ಡೌನ್ ಮಾಡಿಯೇ ಹೊರಡಬೇಕು.

ನಕಲು ಮಾಡುವವರು ಬರೀ ಎಳೆದು ಬಿಡುವುದರ ಬದಲು ವಿಂಡೋಸಿನ ಜೊತೆಗೇ ಬರುವ ರೋಬೋಕಾಪಿ ಬಳಸಿದರೆ ಅನುಕೂಲ:

```
robocopy D:\Common E:\Common_Old /E /COPYALL /DCOPY:T /R:1 /W:1 /LOG:C:\copy.txt
```

ಇದು ಕಡತದ ಜೊತೆ ಅದನ್ನು ಯಾರು ನೋಡಬಹುದು ಎಂಬ ಅನುಮತಿಯನ್ನೂ ಒಯ್ಯುತ್ತದೆ. ಸಂಬಳದ ಫೋಲ್ಡರ್ ಇರುವ ಕಚೇರಿಗೆ ಇದು ಸಣ್ಣ ಮಾತಲ್ಲ. ಮಾಮೂಲಿಯಾಗಿ ನಕಲು ಮಾಡಿ ಅಂಟಿಸಿದರೆ ಫೋಲ್ಡರ್ ಹೊಸ ಜಾಗದ ಅನುಮತಿಯನ್ನು ಪಡೆಯುತ್ತದೆ, ಸೋಮವಾರ ಎಲ್ಲರ ಸಂಬಳವೂ ಎಲ್ಲರಿಗೂ ಗೊತ್ತಾಗುತ್ತದೆ. ಕೆಲಸ ಮುಗಿದಾಗ ಆ ವರದಿಯ ಕೊನೆಯಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ `FAILED` ಎಂಬ ಕಂಬದ ಕೆಳಗೆ ಸೊನ್ನೆ ಇದೆಯೇ ನೋಡಬೇಕು. ಸೊನ್ನೆ ಇಲ್ಲದಿದ್ದರೆ ಯಾವ ಕಡತ ಬರಲಿಲ್ಲ ಎಂಬುದು ಅದೇ ವರದಿಯಲ್ಲಿ ಇರುತ್ತದೆ. `/MIR` ಎಂಬ ಇನ್ನೊಂದು ಆಯ್ಕೆ ಬಹಳ ಕಡೆ ಶಿಫಾರಸಾಗುತ್ತದೆ, ಆದರೆ ಅದು ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿಯ ಜಾಗದಿಂದ ಅಳಿಸುತ್ತದೆ. ಎರಡು ಹೆಸರನ್ನು ಅದಲುಬದಲು ಬರೆದರೆ ಖಾಲಿ ಫೋಲ್ಡರನ್ನು ತುಂಬಿದ ಫೋಲ್ಡರಿನ ಮೇಲೆ ಹೇರಿದಂತಾಗುತ್ತದೆ.

ಇಷ್ಟಾದ ಮೇಲೆ ಉಳಿಯುವ ಅಪಾಯ ಒಂದೇ, ಅದು ಸದ್ದಿಲ್ಲದೆ ಬರುವಂಥದ್ದು. ಒಂದು ಎಕ್ಸೆಲ್ ಹಾಳೆ ಇನ್ನೊಂದು ಕಡತದಿಂದ ಅಂಕಿ ತೆಗೆದುಕೊಳ್ಳುತ್ತಿರುತ್ತದೆ. ಮಂಜುನಾಥರ ವಾರ್ಷಿಕ ಹಾಳೆಯ ಒಂದು ಕೋಣೆಯಲ್ಲಿ ಹೀಗಿರುತ್ತದೆ:

```
='Z:\GST new\[Manjunath sales.xlsx]Jan'!B14
```

ಫೋಲ್ಡರಿನ ಹೆಸರೂ ಕಡತದ ಹೆಸರೂ ಬದಲಾದ ಮೇಲೆ ಈ ದಾರಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಎಕ್ಸೆಲ್ ಕೋಣೆಯನ್ನು ಖಾಲಿ ಮಾಡುವುದಿಲ್ಲ, ಕೊನೆಯ ಸಲ ತಂದಿಟ್ಟುಕೊಂಡ ಅಂಕಿಯನ್ನೇ ತೋರಿಸುತ್ತದೆ. ತೆರೆದಾಗ ಲಿಂಕ್ ಅಪ್‌ಡೇಟ್ ಮಾಡಲೇ ಎಂದು ಕೇಳುತ್ತದೆ. ಬೇಡ ಎಂದು ಒತ್ತಿ ಮುಂದೆ ಹೋದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಾರಾಟದ ಹಾಳೆಯಲ್ಲಿ ಮಾರ್ಚ್ 5ರಂದು ಒಂದು ಬಿಲ್ಲು ತಿದ್ದಿದರೂ ವಾರ್ಷಿಕ ಹಾಳೆಯಲ್ಲಿ ಫೆಬ್ರವರಿಯ ಅಂಕಿಯೇ ಕೂತಿರುತ್ತದೆ.

ಇದನ್ನು ಮೊದಲೇ ಪತ್ತೆ ಮಾಡುವ ಬಗೆ ಹೀಗೆ. ಸ್ಥಳಾಂತರಕ್ಕೆ ಒಂದು ವಾರ ಮುಂಚೆ ಪ್ರತಿಯೊಬ್ಬರೂ ತಾವು ಬಳಸುವ ಹಾಳೆ ತೆರೆದು, `Data` ವಿಭಾಗದಲ್ಲಿ `Edit Links` ಇದೆಯೇ ನೋಡುವುದು. ಹೊಸ ಆವೃತ್ತಿಯಲ್ಲಿ ಅದರ ಹೆಸರು `Workbook Links`. ಅಲ್ಲಿ ಪಟ್ಟಿ ಕಂಡರೆ ಆ ಕಡತದ ಹೆಸರನ್ನು ಬರೆದುಕೊಡುವುದು. ಸೋಮವಾರ ಅದೇ ಜಾಗದಲ್ಲಿ `Change Source` ಒತ್ತಿ ಹೊಸ ದಾರಿ ತೋರಿಸಿದರೆ ಕೊಂಡಿ ಮತ್ತೆ ಕೂಡುತ್ತದೆ. ಹಾಗೆಯೇ ಮುಟ್ಟಬಾರದ್ದೂ ಒಂದಿದೆ. ಟ್ಯಾಲಿ ತನ್ನ ಮಾಹಿತಿಯನ್ನು ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ ಇಡುತ್ತದೆ. ಚಂದಗಾಣಿಸುವ ಹುಮ್ಮಸ್ಸಿನಲ್ಲಿ ಅವಕ್ಕೆ `P042` ಎಂದು ಹೆಸರಿಟ್ಟರೆ ಟ್ಯಾಲಿಗೆ ಕಂಪನಿಯೇ ಸಿಗುವುದಿಲ್ಲ.

ಈಗ ಸೂಚನೆಯನ್ನು ಬರೆಯಬಹುದು. ಸ್ಥಳಾಂತರಕ್ಕೆ ಎರಡು ವಾರ ಮೊದಲು, ಅಂದರೆ ಫೆಬ್ರವರಿ 13ಕ್ಕೆ ಹೊರಡಬೇಕು. ವಾಟ್ಸಾಪಿಗೂ ಹಾಕಿ, ಅಚ್ಚು ಹಾಕಿಸಿ ಚಹಾ ಕುಡಿಯುವ ಜಾಗದ ಗೋಡೆಗೂ ಅಂಟಿಸಿ.

"ಎಲ್ಲ ಸಿಬ್ಬಂದಿಗೆ,

ಫೆಬ್ರವರಿ 27, ಶುಕ್ರವಾರ ಸಂಜೆ 6ಕ್ಕೆ ಈಗಿನ ಝಡ್ ಡ್ರೈವ್ ಓದಲು ಮಾತ್ರ ಸಿಗುವಂತೆ ಆಗುತ್ತದೆ. ಮಾರ್ಚ್ 2, ಸೋಮವಾರ ಬೆಳಿಗ್ಗೆ 10ರಿಂದ ಹೊಸ ಫೋಲ್ಡರುಗಳಲ್ಲಿ ಕೆಲಸ. ನಡುವಿನ ಎರಡು ದಿನ ಯಾವ ಕಡತವನ್ನೂ ಉಳಿಸಲು ಬರುವುದಿಲ್ಲ. ತುರ್ತು ಇದ್ದರೆ ಮೊದಲೇ ತಿಳಿಸಿ.

ಫೋಲ್ಡರ್: ಪಾರ್ಟಿ ಸಂಖ್ಯೆ, ಹಣಕಾಸು ವರ್ಷ, ಕೆಲಸ. ವರ್ಷದ ಮುಂದೆ `FY` ಬರೆಯಿರಿ. ಅಸೆಸ್‌ಮೆಂಟ್ ವರ್ಷ ಬರೆಯಬೇಡಿ. ಕಡತದ ಮಾದರಿ: `P042_2026-01_GSTR3B_v2.xlsx`. ತಿಂಗಳು ಎಂದರೆ ವ್ಯಾಪಾರ ನಡೆದ ತಿಂಗಳು. ಸಲ್ಲಿಸಿದ ಪ್ರತಿಗೆ ಮಾತ್ರ `SUB`. ಪಾರ್ಟಿ ಸಂಖ್ಯೆಗಳ ಪಟ್ಟಿ ಜೊತೆಗಿದೆ. ಹೊಸ ಪಾರ್ಟಿ ಬಂದರೆ ಸಂಖ್ಯೆಯನ್ನು ಮುಂಭಾಗದ ಮೇಜಿನಲ್ಲಿ ಕೇಳಿ ಪಡೆಯಿರಿ, ನೀವೇ ಕೊಡಬೇಡಿ.

ಫೆಬ್ರವರಿ 20ರೊಳಗೆ: ಬೇರೆ ಕಡತಕ್ಕೆ ಲಿಂಕ್ ಇರುವ ಎಕ್ಸೆಲ್ ಹಾಳೆಗಳ ಹೆಸರು ಬರೆದುಕೊಡಿ. ನಿಮ್ಮ ಡೆಸ್ಕ್‌ಟಾಪ್, ಪೆನ್‌ಡ್ರೈವ್‌ಗಳಲ್ಲಿ ಇರುವ ಪಾರ್ಟಿ ಕಡತಗಳನ್ನು ಝಡ್ ಡ್ರೈವಿಗೆ ಹಾಕಿ. 27ರ ಸಂಜೆ ಕಂಪ್ಯೂಟರ್ ಶಟ್‌ಡೌನ್ ಮಾಡಿ ಹೊರಡಿ.

ಟ್ಯಾಲಿ ಫೋಲ್ಡರುಗಳು ಬದಲಾಗುವುದಿಲ್ಲ. 2024-25ಕ್ಕಿಂತ ಹಿಂದಿನ ವರ್ಷದ ಕಡತಗಳಿಗೂ ಹೊಸ ಹೆಸರಿಲ್ಲ. ಅವು `Common_Old` ಒಳಗೆ ಇದ್ದ ಹಾಗೆಯೇ ಸಿಗುತ್ತವೆ."

ಕೊನೆಯ ವಾಕ್ಯದ ಹಿಂದೆ ಒಂದು ತೀರ್ಮಾನವಿದೆ. ಹತ್ತು ವರ್ಷದ ಕಡತಗಳಿಗೆಲ್ಲ ಮರುನಾಮಕರಣ ಮಾಡಲು ಹೊರಟ ಕಚೇರಿಗಳು ಸಾಮಾನ್ಯವಾಗಿ ಮೂರನೆಯ ವರ್ಷಕ್ಕೇ ಸುಸ್ತಾಗಿ ನಿಲ್ಲುತ್ತವೆ. ಆಮೇಲೆ ಯಾವುದು ಹೊಸ ಹೆಸರು ಯಾವುದು ಹಳೆಯದು ಎಂದು ಯಾರಿಗೂ ತಿಳಿಯುವುದಿಲ್ಲ. ನಡೆಯುತ್ತಿರುವ ವರ್ಷ ಮತ್ತು ಅದರ ಹಿಂದಿನದು, ಇಷ್ಟಕ್ಕೆ ನಿಲ್ಲಿಸುವುದು ಕ್ಷೇಮ. ಹಾಗೆಂದು ಹಳೆಯದನ್ನು ಅಳಿಸುವಂತೆಯೂ ಇಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಲೇಬೇಕು.

ಸೋಮವಾರ ಬೆಳಿಗ್ಗೆ ಮೊದಲ ಒಂದು ಗಂಟೆ ಯಾರಿಗೂ ಹೊಸ ಕೆಲಸ ಕೊಡಬೇಡಿ. ಪ್ರತಿಯೊಬ್ಬರೂ ತಮ್ಮ ಮೂರು ಪಾರ್ಟಿಗಳ ಫೋಲ್ಡರ್ ತೆರೆದು, ಹೋದ ವಾರ ತಿದ್ದಿದ ಕಡತ ತಿದ್ದಿದಂತೆಯೇ ಇದೆಯೇ ನೋಡಲಿ, ಒಂದು ಪ್ರತಿಯನ್ನು ಹೊಸ ಹೆಸರಿನಲ್ಲಿ ಉಳಿಸಲಿ. ಡೆಸ್ಕ್‌ಟಾಪಿನ ಮೇಲಿನ ಹಳೆಯ ಶಾರ್ಟ್‌ಕಟ್ಟುಗಳನ್ನು ಆಗಲೇ ಅಳಿಸಲಿ, ಇಲ್ಲವಾದರೆ ಬೆರಳು ತನ್ನಷ್ಟಕ್ಕೆ ಅಲ್ಲಿಗೇ ಹೋಗುತ್ತದೆ. `Common_Old` ಒಳಗೆ ಉಳಿಸಲು ಬರುತ್ತಿಲ್ಲ ಎಂದು ಯಾರಾದರೂ ದೂರಿಕೊಂಡು ಬಂದರೆ ಅವರ ಕಡತ ಹೊಸ ಜಾಗದಲ್ಲಿ ಎಲ್ಲಿದೆ ಎಂದು ತೋರಿಸಿಕೊಡಿ. ಮಾರ್ಚ್ ಮತ್ತು ಏಪ್ರಿಲ್, ಎರಡೂ ತಿಂಗಳ 20ನೇ ತಾರೀಖು ದಾಟುವವರೆಗೆ ಅದು ಎಲ್ಲರ ಪರದೆಯ ಮೇಲೂ ಇರಲಿ. ಆಮೇಲೆ ಸರ್ವರಿನಲ್ಲಿ ಉಳಿಸಿಕೊಂಡು, ಝಡ್ ಡ್ರೈವಿನ ಪಟ್ಟಿಯಿಂದ ಮಾತ್ರ ತೆಗೆದುಬಿಡಿ. ಬೇಕಾದವರು ಕೇಳಿ ಪಡೆಯುತ್ತಾರೆ.